ತಳ ಹಿಡಿದ ಕುಕ್ಕರೂ ನಿವೃತ್ತ ಗಂಡನೂ

ಓಣಿಯವರೆಲ್ಲ ಅವಳನ್ನು ಡಬ್ಬಿ ಅಕ್ಕ ಎನ್ನುತ್ತಿದ್ದರು. ಹದಿನಾರು ಅಂಗಡಿಗಳಿಗೆ ಮಧ್ಯಾಹ್ನದ ಊಟದ ಡಬ್ಬಿ ಕಳಿಸುವ ಹೆಂಗಸು. ಅಡುಗೆಯ ಕಷ್ಟ ಅವಳಿಗೆ ಕಷ್ಟವೇ ಅಲ್ಲ. ಬಸ್ಸು ಓಡಿಸಿ ನಿವೃತ್ತನಾದ ಗಂಡ ಸಹಾಯಕ್ಕೆ ನಿಂತಾಗಿನಿಂದ ಮಾತ್ರ ತಲೆ ಚಿಟ್ಟು ಹಿಡಿದಿತ್ತು.

ಅಂದು ಡಬ್ಬಿ ಕೊಟ್ಟು ಬರುವಷ್ಟರಲ್ಲಿ ಮೆಟ್ಟಿಲಿಗೇ ಸೀದ ವಾಸನೆ. ಸಂಜೆಯ ಬೇಳೆ ಬೇಯಲು ಇಟ್ಟು, ಸಾಕಷ್ಟು ನೀರು ಹಾಕುವುದನ್ನೇ ಮರೆತು, ಗಂಡ ಪಕ್ಕದ ಮನೆಯವರೊಡನೆ ಹರಟುತ್ತ ನಿಂತಿದ್ದ. ದೊಡ್ಡ ಅಲ್ಯೂಮಿನಿಯಂ ಕುಕ್ಕರಿನ ತಳ ಇದ್ದಲಿನಂತಾಗಿತ್ತು.

"ರೀ, ಕುಕ್ಕರ್ ಕೂಗಲಿಲ್ಲ ಅಂತ ಗೊತ್ತಾಗ್ಲಿಲ್ವಾ?"

"ಕೂಗಿದ್ರೆ ತಾನೇ ಗೊತ್ತಾಗೋದು!" ಎಂದ ಅವನು. "ನೀನು ಕೂತ್ಕೋ, ನಾನೇ ತೊಳೀತೀನಿ."

ಅವಳು ಕಾಲು ತೊಳೆದು ಬರುವಷ್ಟರಲ್ಲಿ ಕುಕ್ಕರಿಗೆ ಬಿಸಿನೀರು ಸುರಿದು, ಬಟ್ಟೆ ಒಗೆಯುವ ಸೋಡಾ ಹಾಕಿಬಿಟ್ಟಿದ್ದ. ಬುಸಬುಸ ನೊರೆ. ಕೈಯಲ್ಲಿ ಸ್ಟೀಲ್ ನಾರು ಸಿದ್ಧ.

"ಅಯ್ಯೋ ನಿಮ್ಮ ಬುದ್ಧಿಗೆ! ಚೆಲ್ಲಿ ಮೊದಲು!" ಅವಳೇ ಕಿತ್ತುಕೊಂಡು ಸಿಂಕಿಗೆ ಸುರಿದು, ತಣ್ಣೀರಲ್ಲಿ ಎರಡು ಮೂರು ಸಲ ಗಲಬರಿಸಿದಳು. "ನೊರೆ ಬಂದದ್ದು ಕೊಳೆ ಹೋಗ್ತಿರೋದಕ್ಕಲ್ಲ, ಸೋಡಾ ಅಲ್ಯೂಮಿನಿಯಂನೇ ತಿಂತಿರೋದಕ್ಕೆ. ಹೋದ ವರ್ಷ ನಿಮ್ಮ ತಂಗಿ ಬಾಣಲೆನ ಸೋಡಾದಲ್ಲಿ ರಾತ್ರಿಯಿಡೀ ನೆನೆಸಿದ್ರಲ್ಲ, ಸಿಡುಬು ಎದ್ದ ಹಾಗೆ ಗುಳಿ ಬಿದ್ದು ಏನು ಹಾಕಿದ್ರೂ ಅಂಟ್ಕೊಳ್ತಿತ್ತು."

"ಹಾಗಾದ್ರೆ ಇದನ್ನ ತಿಕ್ಕೋದು ಹೇಗೆ?"

"ತಿಕ್ಕೋದೇ ಬೇಡ. ಕುದಿಸಿ."

ಮುಚ್ಚಳ ಬದಿಗಿಟ್ಟು, ನೀರಿಗೆ ಪಾತ್ರೆ ತೊಳೆಯುವ ಸೋಪು ಒಂದು ಹನಿ ಬಿಟ್ಟು ಸಣ್ಣ ಉರಿಯಲ್ಲಿ ಇಡಿಸಿದಳು. ಮೆತ್ತಗಾದ ಮೇಲೆ ಮರದ ಸಟ್ಟುಗದಿಂದ ನಿಧಾನಕ್ಕೆ ಎಬ್ಬಿಸಲು ಹೇಳಿದಳು. ಕಪ್ಪು ಹಪ್ಪಳದಂತೆ ಚೂರು ಚೂರು ಎದ್ದಿತು. ಉಳಿದ ಕಲೆಗೆ ಹೊಸ ನೀರು, ಎರಡು ನಿಂಬೆಹಣ್ಣಿನ ರಸ, ಮತ್ತೆ ಒಂದಷ್ಟು ಹೊತ್ತು ಕುದಿ.

"ಹೀಗೇ ನಾಳೆವರೆಗೂ ಬಿಟ್ರೆ?"

"ಹುಳಿನೂ ತುಂಬ ಹೊತ್ತು ನಿಂತ್ರೆ ಕಚ್ಚುತ್ತೆ ರೀ! ಆರುತ್ತಲೇ ಚೆಲ್ಲಿ, ಮೆತ್ತನೆ ಸ್ಪಂಜಲ್ಲಿ ಒರೆಸಿ."

ಗೊಣಗುತ್ತಲೇ ಎರಡು ಸಲ ಹಾಗೆ ಮಾಡಿದ. ತಳದಲ್ಲಿ ಮಸುಕು ನೆರಳೊಂದು ಉಳಿಯಿತು. ಅದನ್ನೂ ಕೆರೆಯಲು ಚಾಕು ಹುಡುಕಿದವನ ಕೈ ಹಿಡಿದು, "ಬೆರಳಾಡ್ಸಿ ನೋಡಿ, ನುಣ್ಣಗಿದೆ. ನಮಗೆ ಕನ್ನಡಿ ಬೇಕಾಗಿಲ್ಲ, ಕುಕ್ಕರ್ ಸಾಕು," ಎಂದಳು. ಸಂಜೆ ಅದರಲ್ಲೇ ಬೇಳೆ ಬೆಂದಿತು, ಎಲ್ಲೂ ಹಿಡಿಯಲಿಲ್ಲ. ಅವಳ ಉಸಿರು ಕೊಂಚ ಹಗುರಾಯಿತು.

ಮರುದಿನ ಡಬ್ಬಿ ತುಂಬುವ ಗಡಿಬಿಡಿಯಲ್ಲಿ ಹಜಾರದಿಂದ ಗಂಡನ ಧ್ವನಿ ಕೇಳಿಸಿತು. ಎದುರು ಮನೆಯ ಸೊಸೆ ಸೀದ ಪಾತ್ರೆ ಹಿಡಿದು ನಿಂತಿದ್ದಳು.

"ಸೋಡಾ ಮುಟ್ಟಲೇಬೇಡಮ್ಮ, ಅಲ್ಯೂಮಿನಿಯಂ ತಿಂದುಬಿಡುತ್ತೆ," ಹುಟ್ಟಿದಾಗಿನಿಂದ ತಿಳಿದಿದ್ದವನಂತೆ ಹೇಳುತ್ತಿದ್ದ. "ನಿಂಬೆರಸ, ಸಣ್ಣ ಉರಿ. ಇಲ್ಲೇ ಕೊಡು, ನಾನೇ ಮಾಡ್ಕೊಡ್ತೀನಿ."

"ಅಣ್ಣನಿಗೆ ಎಷ್ಟೆಲ್ಲಾ ಗೊತ್ತು!" ಎಂದು ಸೊಸೆ ಹೋದಳು. ಗಂಡ ಒಳಬಂದು, ಅನ್ನದ ಪಾತ್ರೆಯನ್ನು ಒಲೆಯಿಂದ ಇಳಿಸಿ, ಆ ಕರಕಲು ಪಾತ್ರೆಯನ್ನು ಏರಿಸಿದ.

"ರೀ!" ಎಂದಳು ಡಬ್ಬಿ ಅಕ್ಕ. "ಅನ್ನ ಇನ್ನೂ ಬೆಂದಿಲ್ಲ!"