ದೊಡ್ಡಪ್ಪನ ಭಾಷಣ, ಅಕ್ಕೋರ ಮಾತು

ಬಜೆಯ ಬೇರನ್ನು ಸಾಣೆಕಲ್ಲಿನ ಮೇಲೆ ತೇಯುವಾಗ ಏಳುವ ಆ ಖಾರವಾದ, ಮಣ್ಣು ಬೆರೆತ ವಾಸನೆ ಮೂಗಿಗೆ ಬಿದ್ದರೆ ಇವತ್ತಿಗೂ ನನ್ನ ನಾಲಿಗೆ ತಾನಾಗಿ ಒಳಕ್ಕೆ ಸರಿಯುತ್ತದೆ. ಮೊನ್ನೆ ಪಕ್ಕದ ಮನೆಯವರು ಮೊಮ್ಮಗುವಿಗೆಂದು ತೇಯುತ್ತಿದ್ದರು. ನಾನು ಕಿಟಕಿಯ ಬಳಿ ನಿಂತೇ ಇದ್ದೆ. ಶಿರಸಿಯ ಪೇಟೆಯಲ್ಲಿದ್ದ ನಮ್ಮ ಮನೆ, ಕೆಳಗಿನ ಬಟ್ಟೆ ಅಂಗಡಿ, ಒಗೆಯದ ಕೋರಾ ಬಟ್ಟೆಯ ಥಾನುಗಳ ಗಂಜಿಯ ಘಾಟು, ಮೇಲೆ ಹತ್ತುವ ಮರದ ಮೆಟ್ಟಿಲು, ಅದರ ತುದಿಯಲ್ಲಿ ತೇಯ್ದ ಬಜೆ ಹಚ್ಚಿದ ಬೆರಳನ್ನು ಮುಂದೆ ಚಾಚಿಕೊಂಡು ಕಾಯುತ್ತಿದ್ದ ದೊಡ್ಡಪ್ಪ, ಎಲ್ಲವೂ ಒಟ್ಟಿಗೆ ಬಂದು ನಿಂತವು. ಬಜೆ ನೆಕ್ಕಿದರೆ ಮಾತು ತೊಡರುವುದಿಲ್ಲ ಎಂದು ಅವನ ನಂಬಿಕೆ. ಅವನಿಗೆ ಮಾತ್ರ ಅದು ಫಲ ಕೊಟ್ಟಿರಲಿಲ್ಲ. ಅಪ್ಪನ ಅಣ್ಣನಾದ ದೊಡ್ಡಪ್ಪ ತೊದಲುತ್ತಿದ್ದ. ಮನೆಯವರೊಡನೆ ಅಷ್ಟಾಗಿ ಅಲ್ಲ. ಗಿರಾಕಿಗಳು ಬಂದರೆ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಹಾಗಾಗಿ ಮಾತಾಡುವುದು ಅಪ್ಪನ ಕೆಲಸ, ಬಟ್ಟೆ ಅಳೆದು ಹರಿಯುವುದು ದೊಡ್ಡಪ್ಪನ ಕೆಲಸ. ಜಗತ್ತಿಗೆ ಹೇಳಬೇಕೆಂದಿದ್ದ ದೊಡ್ಡ ದೊಡ್ಡ ಮಾತುಗಳನ್ನೆಲ್ಲ ಅವನು ಬರೆದು ನನ್ನ ಬಾಯಿಗೆ ತುರುಕುತ್ತಿದ್ದ.

ನಾವು ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷ ಆಗಿರಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ತಾಲೂಕಿನ ಮಕ್ಕಳಿಗೆ ನಮ್ಮ ಶಾಲೆಯಲ್ಲಿ ಭಾಷಣ ಸ್ಪರ್ಧೆ ಇಟ್ಟರು. ವಿಷಯ ‘ನಮ್ಮ ಊರು’. ಅಷ್ಟು ಸಣ್ಣ ವಿಷಯಕ್ಕೆ ದೊಡ್ಡಪ್ಪ ಬರೆದ ಭಾಷಣ ಹಿಮಾಲಯದಿಂದ ಹೊರಟಿತು. ‘ಗಗನಚುಂಬಿ ಹಿಮಗಿರಿಯ ಧವಳ ಕಿರೀಟವನ್ನು ಧರಿಸಿದ’ ಎಂಬಲ್ಲಿ ನಾನು ಬಲಗೈ ಎತ್ತಬೇಕು. ‘ಸುಜಲ ಸುಫಲ’ ಎಂಬಲ್ಲಿ ಎರಡೂ ಕೈ ಬಿಚ್ಚಬೇಕು. ಶಿರಸಿ ಬರುವಷ್ಟರಲ್ಲಿ ನನಗೆ ನಿದ್ದೆ ಬರುತ್ತಿತ್ತು. ಹಲ್ಲುಜ್ಜುವಾಗ, ಜಡೆ ಹಾಕಿಸಿಕೊಳ್ಳುವಾಗ, ತುತ್ತು ಬಾಯಲ್ಲಿರುವಾಗ, ‘ಕೈ! ಕೈ ಎಲ್ಲೈತಿ?’ ಎಂದು ಕೇಳುತ್ತಿದ್ದ. ‘ಕೂಸಿಗೆ ಅನ್ನಾನಾದ್ರೂ ನುಂಗಾಕ ಬಿಡು ಮಾರಾಯಾ’ ಎಂದು ಅಜ್ಜಿ ಹಣೆ ಚಚ್ಚಿಕೊಳ್ಳುತ್ತಿದ್ದಳು. ಧವಳ ಎಂದರೇನು ಎಂದು ಕೇಳಿದ್ದಕ್ಕೆ, ‘ಅ... ಅರ್ಥ ಆಮ್ಯಾಲೆ, ಮೊದಲು ಬಾಯಿಪಾಠ’ ಎಂದ. ನನಗೆ ಅಳು ಬರುವುದಕ್ಕಿಂತ ಹೆಚ್ಚಾಗಿ ರೇಗುತ್ತಿತ್ತು.

ಸ್ಪರ್ಧೆಯ ದಿನ ಮನೆಗೆ ಮನೆಯೇ ಬಂದು ಮೂರನೇ ಬೆಂಚಿನಲ್ಲಿ ಕೂತಿತು. ನನ್ನ ಸರದಿ ಬಂದಾಗ ದೊಡ್ಡಪ್ಪ ಅಲ್ಲಿಂದಲೇ ತುಟಿ ಆಡಿಸುತ್ತಿದ್ದ. ನಾನು ಅವನ ತುಟಿ ನೋಡಿಕೊಂಡೇ ಹಿಮಾಲಯ ಇಳಿದೆ, ಗಂಗೆ ದಾಟಿದೆ. ಅಷ್ಟರಲ್ಲಿ ಮುಂದಿನ ಬೆಂಚಿನ ಯಾರೋ ಎದ್ದು ನಿಂತರು, ತುಟಿ ಮರೆಯಾಯಿತು. ಮಾತು ಅಲ್ಲಿಗೇ ನಿಂತಿತು. ಹೊತ್ತು ಮುಗಿಯುತ್ತ ಬಂತೆಂದು ಎಚ್ಚರಿಕೆಯ ಗಂಟೆಯೂ ಹೊಡೆಯಿತು. ಬಾಯಿಗೆ ಬಂದದ್ದನ್ನು ಹೇಳಿದೆ: ‘ನಮ್ಮ ಊರಿಗೆ ಸಂತೆ ದಿನ ಮತ್ತಿಘಟ್ಟದಿಂದ ಒಬ್ಬ ಅಮ್ಮ ಬರ್ತಾರೆ. ಸೀರೆ ಕೊಳ್ಳೋ ಮುಂಚೆ ಸೆರಗಿನ ತುದಿ ಒದ್ದೆ ಮಾಡಿ ಬಿಳೀ ಬಟ್ಟೆಗೆ ತಿಕ್ಕಿ ಬಣ್ಣ ಬಿಡ್ತದೋ ಇಲ್ಲೋ ನೋಡ್ತಾರೆ. ಆಗ ನಮ್ಮಪ್ಪ ಬೇರೆ ಕಡೆ ನೋಡ್ತಾರೆ.’ ಸಭೆ ಗೊಳ್ಳೆಂದು ನಕ್ಕಿತು. ಅಪ್ಪ ನಿಜವಾಗಿಯೂ ಬೇರೆ ಕಡೆ ನೋಡಿದ. ನಾನು ನಮಸ್ಕಾರ ಹೇಳಿ ಓಡಿದೆ.

ನಿರ್ಣಾಯಕರು ಇಬ್ಬರಿದ್ದರು. ವಿಷಯ, ಉಚ್ಚಾರ, ಹಾವಭಾವ ಎಂದು ಬೇರೆ ಬೇರೆಯಾಗಿ ಕೊಟ್ಟ ಅಂಕಗಳನ್ನು ಹೆಡ್‌ಮಾಸ್ತರರು ಮೂಲೆಯಲ್ಲಿ ಕೂತು ಕೂಡಿಸುವಷ್ಟು ಹೊತ್ತು ಇಬ್ಬರಲ್ಲೊಬ್ಬರು ನಾಲ್ಕು ಮಾತು ಆಡುವುದು ರೂಢಿ. ಸಿದ್ದಾಪುರದ ಕಡೆಯಿಂದ ಬಂದಿದ್ದ, ನರೆಗೂದಲಿನ ಶಿಕ್ಷಕಿ ಎದ್ದರು; ಶಿಕ್ಷಕಿಯರನ್ನು ನಾವು ಅಕ್ಕೋರು ಎನ್ನುತ್ತಿದ್ದೆವು. ನಾಲ್ಕು ಮಾತಿಗೆ ಅವರು ನಿಲ್ಲಲಿಲ್ಲ. ಮೊದಲು ಎಲ್ಲರಿಗೂ ಸೇರಿಸಿ ಹೇಳಿದರು: ವಾಕ್ಯದ ಕೊನೆಯ ಶಬ್ದವನ್ನು ನುಂಗಬೇಡಿ, ಕ್ರಿಯಾಪದ ಅಲ್ಲಿಯೇ ಇರುತ್ತದೆ. ಆಮೇಲೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು. ಪ್ರತಿಯೊಬ್ಬರಿಗೂ ಚೆನ್ನಾಗಿದ್ದದ್ದು ಮೊದಲು, ತಿದ್ದಬೇಕಾದ್ದು ಒಂದೇ ಒಂದು. ಅದನ್ನೂ ತಾವೇ ಮಾಡಿ ತೋರಿಸುತ್ತಿದ್ದರು. ಕಿರವತ್ತಿಯಿಂದ ಬಂದ ಹುಡುಗ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದ. ‘ಒಳ್ಳೆ ಗಂಟಲು ನಿಂದು, ಮಾಣಿ. ಆದ್ರೆ ನೀನು ಮುಂದೆ ಓಡಿದೆ, ನಾವು ಹಿಂದೆ ಉಳಿದ್ವು. ಎಲ್ಲಿ, ಊರ ಹೆಸರು ಹೇಳಿ, ಉಸಿರು ತಗಂಡು, ಮತ್ತೆ ಹೇಳು’ ಎಂದು ಅವನ ಕೈಲಿ ಅಲ್ಲೇ ಮತ್ತೊಮ್ಮೆ ಹೇಳಿಸಿದರು. ಅವನ ತಾಯಿಯ ಮುಖ ಅರಳಿತು. ಬಸ್ಸು ಹಿಡಿಯಬೇಕಾದವರು ಮಾತ್ರ ಚಡಪಡಿಸುತ್ತಿದ್ದರು. ‘ನಂಬರು ಹೇಳ್ರಿ ಸಾಕು’ ಎಂದು ಅಪ್ಪ ಹಲ್ಲು ಕಡಿದ.

‘ನೀಲಾ, ಬಾ ತಂಗಿ’ ಎಂದರು ಅಕ್ಕೋರು. ‘ಕಡೇ ಬೆಂಚಿನವರಿಗೂ ನಿನ್ನ ಸ್ವರ ಮುಟ್ತು. ಮರೆತಾಗ ಅಳಲಿಲ್ಲೆ, ಅದು ದೊಡ್ಡದು. ಒಂದು ಕೇಳ್ತೆ, ಬೇಜಾರು ಮಾಡ್ಕಳಡ. ಹಿಮಾಲಯಕ್ಕೆ ಕೈ ಎತ್ತಿದೆಯಲ್ಲ, ಕೈ ಮೊದಲು ಹೋತು, ಮಾತು ಆಮೇಲೆ ಬಂತು. ಎಂತಕ್ಕೆ? ನೀನು ಹಿಮಾಲಯ ನೋಡ್ಲಿಲ್ಲೆ, ಕೈಯನ್ನಷ್ಟೇ ನೆನಪಿಟ್ಟಿದ್ದೆ. ಸೀರೆ ಅಮ್ಮನ ವಿಷಯ ಹೇಳ್ವಾಗ ನಿನ್ನ ಬೆರಳು ತಾನೇ ತಿಕ್ಕಿ ತೋರಿಸ್ತು. ಅದನ್ನ ಯಾರೂ ಕಲಿಸ್ಲಿಲ್ಲೆ. ಇಲ್ಲಿ ಕೂತವರೆಲ್ಲ ಆವಾಗ ಮುಂದೆ ಬಗ್ಗಿ ಕೇಳಿದ್ರು. ಮುಂದಿನ ಸಲ ನೀನು ಕಂಡದ್ದರಿಂದಲೇ ಶುರು ಮಾಡು.’

ಅವರು ಬರೆದುಕೊಟ್ಟವರ ಸುದ್ದಿಯನ್ನೇ ಎತ್ತಿರಲಿಲ್ಲ. ಆದರೂ ದೊಡ್ಡಪ್ಪ ಎದ್ದು ನಿಂತುಬಿಟ್ಟ. ಅಜ್ಜಿ ಅವನ ಅಂಗಿ ಜಗ್ಗಿದಳು. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ‘ಅ... ಅ... ಅಕ್ಕೋರ...’ ಎಂದವನ ಕತ್ತಿನ ನರ ಉಬ್ಬಿ, ಮಾತು ಅಲ್ಲೇ ನಿಂತಿತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಅಪ್ಪ ಅವನ ಪರವಾಗಿ ಹೇಳಲು ಬಾಯಿ ತೆರೆದ. ಅಕ್ಕೋರು ಕೈಯೆತ್ತಿ ನಕ್ಕವರನ್ನೂ ಅಪ್ಪನನ್ನೂ ತಡೆದರು. ದೊಡ್ಡಪ್ಪನ ಮುಖವನ್ನೇ ನೋಡುತ್ತ, ಅವಸರವೇ ಇಲ್ಲದವರಂತೆ ಕಾದರು. ಅವರು ಒಂದು ಶಬ್ದವನ್ನೂ ಎತ್ತಿ ಕೊಡಲಿಲ್ಲ.

‘ಅಂಗಡಿ ಮಾತು... ಅಂಗಡ್ಯಾಗ ಇರ್ಲಿರಿ’ ಎಂದ ದೊಡ್ಡಪ್ಪ, ತುಂಬ ಹೊತ್ತಿನ ಮೇಲೆ. ‘ದೊ... ದೊಡ್ಡ ಮಾತು ಆಡ್ಲಿಲ್ಲಂದ್ರ ನಮ್ಮಂಥೋರ ಮಾತು ಯಾ... ಯಾರು ಕೇಳ್ತಾರ?’

‘ಈಗ ನೀವು ಆಡಿದ್ರಲ್ಲ, ಅದರಲ್ಲಿ ದೊಡ್ಡ ಶಬ್ದ ಒಂದೂ ಇರಲಿಲ್ಲ’ ಎಂದರು ಅಕ್ಕೋರು. ‘ಆದ್ರೂ ನಾವೆಲ್ಲ ಕೇಳಿದೆವು. ಕೂತ್ಕಳ್ಳಿ, ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ.’ ಯಾರೂ ನಗಲಿಲ್ಲ.

ನನಗೆ ಬಹುಮಾನ ಬರಲಿಲ್ಲ. ಮೊದಲನೆಯದು ಕಿರವತ್ತಿಯವನಿಗೂ ಅಲ್ಲ, ಯಲ್ಲಾಪುರದ ಒಬ್ಬ ಹುಡುಗಿಗೆ ಹೋಯಿತು. ದಾರಿಯುದ್ದಕ್ಕೂ ದೊಡ್ಡಪ್ಪ ಎಲ್ಲರಿಗಿಂತ ಮುಂದೆ ನಡೆದ. ಮನೆಯಲ್ಲಿ ಅಜ್ಜಿ ಅಕ್ಕೋರನ್ನು ಬೈದಳು, ಅಪ್ಪ ನನ್ನನ್ನು ಬೈದ, ಅವ್ವ ಅಪ್ಪನನ್ನು ಬೈದಳು. ದೊಡ್ಡಪ್ಪ ಮಾತ್ರ ಯಾರನ್ನೂ ಬೈಯದೆ ಊಟ ಬಿಟ್ಟು ಮಲಗಿ ಎಲ್ಲರನ್ನೂ ಗೋಳು ಹೊಯ್ದುಕೊಂಡ. ಕೆಲವು ದಿನ ಕಳೆದ ಮೇಲೆ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಥಾನು ಸುತ್ತುತ್ತ, ‘ಹೂಂ, ಹೇಳು. ಏನ್ ಕಂಡಿ?’ ಎಂದ. ನಾನು ಬೆಳಿಗ್ಗೆ ಬಾಗಿಲಲ್ಲಿ ಕಂಡ ಎಮ್ಮೆಯ ವಿಷಯ ಶುರು ಮಾಡಿದೆ. ಎರಡನೇ ವಾಕ್ಯಕ್ಕೇ ಕೈ ಎತ್ತಿದ. ‘ಕಪ್ಪು ಬ್ಯಾಡ. ಶ್ಯಾ... ಶ್ಯಾಮಲ ಅನ್ನು.’ ನಾನು ಕಾಲು ಅಪ್ಪಳಿಸಿ ‘ಎಮ್ಮಿ ಕಪ್ಪಗ ಇತ್ತು!’ ಎಂದು ಕೂಗಿದೆ. ಅವನು ಯೋಚಿಸಿದ. ‘ಆತು, ಕಪ್ಪು. ಮುಂದ?’

ಮುಂದೆ ವರ್ಷಗಟ್ಟಲೆ ಹೀಗೇ ನಡೆಯಿತು. ನಾನು ಹೇಳುವುದು, ಅವನು ತಡೆಯುವುದು, ನಾನು ರೇಗುವುದು, ಒಂದೊಂದು ಸಲ ಅವನು ಸೋಲುವುದು. ನಾನು ಬೇರೆ ಊರಲ್ಲಿ ಶಿಕ್ಷಕಿಯಾಗಿ, ರಜೆಗೆ ಮನೆಗೆ ಬಂದಾಗಲೂ ಬ್ಯಾಗು ಇಳಿಸಲು ಬಿಡದೆ ‘ಏನ್ ಕಂಡಿ?’ ಎನ್ನುತ್ತಿದ್ದ, ಹೇಳತೊಡಗಿದರೆ ಮುಗಿಸಲು ಬಿಡುತ್ತಿರಲಿಲ್ಲ. ಅವನು ತೀರಿಹೋದ ಮೇಲೆ ಆಸ್ತಿ ಪಾಲಾಯಿತು, ಮನೆ ಮಾರಿದರು, ಕೊಂಡವರು ಮರದ ಮೆಟ್ಟಿಲನ್ನೂ ಕಿತ್ತರು. ನಾನು ಈಗ ಎಲ್ಲಿ ಮಾತಾಡಿದರೂ ಜನ ಮರ್ಯಾದೆಯಿಂದ ಕೇಳುತ್ತಾರೆ. ಶುರು ಮಾಡಿದ್ದು ಪೂರ್ತಿ ಮುಗಿಯುತ್ತದೆ. ಎಮ್ಮೆಯನ್ನು ಕಪ್ಪು ಎಂದರೆ ಯಾರೂ ಕೈ ಎತ್ತುವುದಿಲ್ಲ.