ಸೈದಾಬಿ ಕತ್ತರಿಸಿದ ಸೆಣಬು

ಸೈದಾಬಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಗೋಣಿಚೀಲ ಹೊಲಿಯುತ್ತಿದ್ದಳು. ಗಂಡ ತೀರಿದ ಮೇಲೆ ಆ ಕೆಲಸದಿಂದಲೇ ಮಗಳು ಜಾಹೀದಾಳನ್ನು ರಾಣೆಬೆನ್ನೂರಿನ ಪಾಲಿಟೆಕ್ನಿಕ್ಕಿಗೆ ಕಳಿಸಿದಳು. ಅಲ್ಲಿ ನಾನು ಪಾಠ ಹೇಳುತ್ತಿದ್ದೆ.

೧೯೯೩ರಲ್ಲಿ ಜಾಹೀದಾಳ ತರಗತಿಗೆ ಒಂದು ಕೆಲಸ ಕೊಟ್ಟೆ. ನಾರಿನ ಬಟ್ಟೆಗೆ ರಾಳ, ಅಂದರೆ ಒಣಗಿ ಕಲ್ಲಾಗುವ ಅಂಟು, ಹಚ್ಚಿ, ಪದರದ ಮೇಲೆ ಪದರವಿಟ್ಟು ಹಲಗೆ ಮಾಡಬೇಕು. ಅದರಿಂದ ಕತ್ತರಿಸಿದ ಪಟ್ಟಿ ಎಷ್ಟು ಭಾರಕ್ಕೆ ಬಾಗಿ ಮುರಿಯುತ್ತದೆಂದು ಅಳೆಯಬೇಕು. ಉಳಿದವರು ಗಾಜಿನ ನಾರು ಆರಿಸಿಕೊಂಡರು. ಜಾಹೀದಾ ಸೆಣಬು ಎಂದಳು. ತಾಯಿ ಹೊಸ ಗೋಣಿ ಬಟ್ಟೆಯನ್ನು ಅಳತೆಗೆ ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಟ್ಟಿದ್ದಳು.

ಹಲಗೆ ನೋಡಲು ಚೆನ್ನಾಗಿತ್ತು. ಪಟ್ಟಿಯನ್ನು ಎರಡು ಆಧಾರಗಳ ಮೇಲಿಟ್ಟು ಯಂತ್ರದಿಂದ ನಡುವೆ ಒತ್ತಿದೆವು. ತುಸು ಭಾರಕ್ಕೇ ಪದರಗಳು ಬೇರೆಬೇರೆಯಾದವು. ಒಳಗೆಲ್ಲ ಗುಳ್ಳೆ.

“ರಾಳ ಗಟ್ಟಿ ಮಾಡೋ ಔಷಧ ಕಡಿಮಿ ಬಿತ್ತ್ರಿ, ಮೇಡಂ,” ಎಂದಳು ಜಾಹೀದಾ.

“ನೀ ಅಳೆಯೋವಾಗ ನಾನು ಬಾಜೂಕ ನಿಂತಿದ್ದೆ. ಸರಿಯಾಗೇ ಹಾಕೀದಿ. ಕಾರಣ ಖರೇ ಹೇಳದಿದ್ದರ ಎರಡನೇ ಹಲಗಿ ಮಾಡಾಕ ಬಿಡೂದಿಲ್ಲ. ಈ ವಿಷಯದಾಗ ಫೇಲ್ ಆಗ್ತಿ.”

ಅವಳು ನೆಲ ನೋಡಿದಳು. “ಅಮ್ಮಿ ನೀರು ಚಿಮುಕಿಸ್ಯಾಳ್ರಿ. ಮೆಣಸಿನಕಾಯಿ ಒಡೀಬಾರದಂತ ಚೀಲಕ್ಕ ತುಂಬೋ ಮುಂದ ಚಿಮುಕಿಸ್ತಾರಲ್ರಿ, ಹಂಗ. ಎಳಿ ಬಿಚ್ಚಬಾರದಂತ ಈ ಗೋಣಿ ಅರಿವೀಗೂ ನೀರು ಹಾಕಿದ್ಲು. ಪೂರ್ತಿ ಒಣಗಿರಲಿಲ್ರಿ, ಹಸಿಗೆ ರಾಳ ಹಿಡೀಲಿಲ್ಲ. ನನಗ ಗೊತ್ತಿತ್ತು. ಅಷ್ಟು ಪ್ರೀತೀಲೆ ಕಟ್ಟಿ ಕೊಟ್ಟಾಳ, ಹೆಂಗ ಹೇಳಲ್ರಿ?”

“ಹೇಳದ ಇದ್ದರ ಮುಂದಿನ ಸಲನೂ ಚಿಮುಕಿಸ್ತಾಳ,” ಎಂದೆ. “ಹೋಗಿ ಹೇಳು.”

ಮರುವಾರ ಸೈದಾಬಿ ತಾನೇ ಬಂದಳು. ಸೆರಗಿನಲ್ಲಿ ಸೆಣಬಿನ ಗಂಟು.

“ಬಿಸಿಲಿಗೆ ಹರವಿ ಒಣಗಿಸೇನ್ರಿ, ಅಕ್ಕಾರ. ಹಪ್ಪಳ ಆಗೇತಿ. ಇವಳು ನನ್ನ ಮುಂದ ಬಾಯಿ ಬಿಡಾಕ ಎರಡು ದಿನಾ ತಗೊಂಡ್ಳು. ನಾ ಏನು ಹುಲೀನ?”

“ಅಮ್ಮಿ, ಸುಮ್ಮನಿರು!”

ಮಳೆಗಾಲವಾದ್ದರಿಂದ ಗಾಳಿಯ ತೇವ ಹೀರಿರಬಹುದೆಂದು ಆ ಒಣಗಿದ ಸೆಣಬನ್ನೂ ಒಲೆಯಂಥ ಪೆಟ್ಟಿಗೆಯಲ್ಲಿ ಇನ್ನೊಮ್ಮೆ ಬಿಸಿ ಮಾಡಿಸಿದೆ. ಜಾಹೀದಾ ಪ್ರತಿ ಪದರಕ್ಕೂ ರಾಳ ಹಚ್ಚಿ, ಉರುಳೆಯಿಂದ ಗಾಳಿ ಹೊರಗೆ ತಳ್ಳಿದಳು.

ಹಲಗೆ ಚೆನ್ನಾಗಿ ಗಟ್ಟಿಯಾದ ಮೇಲೆ ಪರೀಕ್ಷೆ. ಸೈದಾಬಿ ಆ ದಿನವೂ ಬಂದು ಬಾಗಿಲಲ್ಲಿ ನಿಂತಿದ್ದಳು. ಈ ಸಲ ಪಟ್ಟಿ ಬಾಗಿತು, ತಡೆಯಿತು, ಯಂತ್ರದ ಭಾರ ತೋರಿಸುವ ಮುಳ್ಳು ಮೊದಲಿನ ಗುರುತು ದಾಟಿ ಬಹಳ ದೂರ ಹೋಯಿತು. ಆಮೇಲೆ ಕೆಳಮೈಯಲ್ಲಿ ಒಂದೇ ಬಿರುಕು ಬಿಟ್ಟು ಚಟ್ ಎಂದಿತು. ಪದರಗಳು ಒಂದನ್ನೊಂದು ಬಿಟ್ಟಿರಲಿಲ್ಲ.

“ಅಯ್ಯೋ ಅಲ್ಲಾ, ಮತ್ತ ಮುರೀತು!” ಎಂದಳು ಸೈದಾಬಿ.

“ಮುರೀಲಿ ಅಂತನ ಇಟ್ಟೇವಿ, ಅಮ್ಮಿ. ಹಿಂಗ ಮುರಿದ್ರ ಪಾಸು.”

ಗಾಜಿನ ನಾರಿನ ಹಲಗೆಗೆ ಅದು ಸಮವಾಗಲಿಲ್ಲ, ಆಗುವಂಥದ್ದೂ ಅಲ್ಲ. ಆದರೂ ನಾನು ಪಾಸಿನ ಅಂಕ ಹಾಕಿದೆ. ಸೈದಾಬಿ ಮುರಿದ ಪಟ್ಟಿಯನ್ನು ಎತ್ತಿಕೊಂಡು, ಬಿರುಕಿನ ಮೇಲೆ ಬೆರಳಾಡಿಸುತ್ತ ಮಗಳನ್ನು ಕೇಳಿದಳು: “ಇದನ್ನ ಮನೀಗೆ ಒಯ್ಯಾಕ ಬಿಡ್ತಾರೇನ?”

“ಒಯ್ರಿ,” ಎಂದೆ ನಾನು.