ಬ್ರೇಕ್ ಮೇಡಂ ನೋವನ್ನು ಒಳಗೆ ಕರೆದ ಬಗೆ

ಹಿಂದಿನ ಅಧ್ಯಾಯಗಳನ್ನು ಓದಿ ಬಂದ ಚಿಕಿತ್ಸಕರಿಗೆ ಒಪ್ಪಿಕೊಳ್ಳುವಿಕೆ ಮತ್ತು ಬದ್ಧತೆಯ ಚಿಕಿತ್ಸೆಯ ತತ್ವಗಳೆಲ್ಲ ಈಗ ಬಾಯಿಪಾಠವಾಗಿರಬೇಕು. ಈ ಅಧ್ಯಾಯದಲ್ಲಿ ತತ್ವ ಕಡಿಮೆ, ಒಬ್ಬ ಹೆಂಗಸಿನ ಕಥೆ ಜಾಸ್ತಿ. ಅವರು ಡ್ರೈವಿಂಗ್ ಶಾಲೆಯ ಶಿಕ್ಷಕಿ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲಿಂದ ಅವರು ಕಾಲು ತೆಗೆದದ್ದನ್ನು ಯಾರೂ ಕಂಡಿಲ್ಲವಂತೆ. ಹಾಗಾಗಿ ಶಿಷ್ಯರೆಲ್ಲ ಅವರನ್ನು ಕರೆಯುವುದೇ ಬ್ರೇಕ್ ಮೇಡಂ ಎಂದು. ನಿಮ್ಮ ವಿಷಯ ಬರೆಯಲೇ ಎಂದು ಕೇಳಿದಾಗ, "ಬರೀರಿ, ಆದ್ರೆ ಹೆಸರು ಬೇಡ. ಬ್ರೇಕ್ ಮೇಡಂ ಅಂದ್ರೆ ಸಾಕು, ಗೊತ್ತಾಗೋರಿಗೆ ಗೊತ್ತಾಗುತ್ತೆ" ಎಂದು ನಕ್ಕರು.

ಮೊದಲ ಸಲ ಬಂದಾಗ ಆ ನಗು ಇರಲಿಲ್ಲ. ವರ್ಷಗಟ್ಟಲೆ ಸೊಂಟ ನೋವು. ಅಪಾಯದ ಕಾಯಿಲೆ ಏನೂ ಇಲ್ಲವೆಂದು ವೈದ್ಯರು ಪರೀಕ್ಷಿಸಿ ಹೇಳಿ, ಚಟುವಟಿಕೆಗೆ ಅಡ್ಡಿಯಿಲ್ಲ ಎಂದು ಬರೆದು ಕಳಿಸಿದ್ದರು. ಕುರ್ಚಿಯ ಅಂಚಿನಲ್ಲಿ ಕೂತು, "ಬೆಳಗ್ಗೆ ಎದ್ದೇಳೋಕೇ ಮನಸ್ಸಿಲ್ಲ ಡಾಕ್ಟ್ರೇ. ಊಟ ಮಾಡ್ತೀನಿ, ರುಚಿ ಗೊತ್ತಾಗಲ್ಲ" ಎಂದರು. ಮನಸ್ಸು ಕುಗ್ಗಿದವರನ್ನು ಕೇಳಲೇಬೇಕಾದ ಪ್ರಶ್ನೆಯನ್ನು ಸುತ್ತುಬಳಸದೆ ಕೇಳಿದೆ: ಸಾಯಬೇಕು ಅನ್ನಿಸುತ್ತದೆಯೇ? "ಅಷ್ಟಿಲ್ಲ. ಆದ್ರೆ ನಾನು ಮುಗಿದುಹೋದವಳು" ಎಂದರು. ಇದನ್ನು ಒಮ್ಮೆ ಕೇಳಿ ಕೈ ತೊಳೆದುಕೊಳ್ಳಬೇಡಿ. ನಾನು ಪ್ರತಿ ಭೇಟಿಯಲ್ಲೂ ವಿಚಾರಿಸುತ್ತಿದ್ದೆ.

ಅವರನ್ನು ನನ್ನ ಬಾಗಿಲಿಗೆ ತಂದದ್ದು ಬರೀ ಸೊಂಟವಲ್ಲ, ಮಗಳು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಕೆಲಸ ಅವಳಿಗೆ ಸಿಕ್ಕಿತ್ತು. ಕಾರು ಓಡಿಸಲು ಬರಲೇಬೇಕು. ಅಮ್ಮ ನಾಳೆ ಕಲಿಸುತ್ತೇನೆ, ನಾಡಿದ್ದು ಕಲಿಸುತ್ತೇನೆ ಎಂದು ಹೇಳಿ ಮಲಗಿಬಿಡುತ್ತಿದ್ದರು. ಮಗಳು ಕಾದು ಕಾದು ಸಾಕಾಗಿ, ತಿಂಗಳ ಕೊನೆಗೆ ಬೇರೆ ಶಾಲೆಗೆ ಸೇರುತ್ತೇನೆ ಎಂದಿದ್ದಳು.

"ಊರಿಗೆಲ್ಲಾ ಕಲಿಸಿದ್ದೀನಿ. ನನ್ನ ಮಗಳಿಗೆ ಇನ್ಯಾರೋ ಕಲಿಸ್ಬೇಕಾ?" ಎಂದು ಅತ್ತರು. ನನಗೂ ಸಂಕಟವಾಯಿತು.

ನೋವನ್ನು ಓಡಿಸಲು ಇದುವರೆಗೆ ಏನೇನು ಮಾಡಿದ್ದೀರಿ ಎಂದು ಕೇಳಿದೆ. ಬೆಲ್ಟು, ಬಿಸಿನೀರಿನ ಚೀಲ, ಗಟ್ಟಿ ಹಾಸಿಗೆ, ಮೆತ್ತನೆ ಹಾಸಿಗೆ, ಮತ್ತೆ ಗಟ್ಟಿ ಹಾಸಿಗೆ. ಮದುವೆ ಮುಂಜಿಗಳಿಗೆ ಹೋಗುವುದು ಬಿಟ್ಟರು, ಪಾಠ ಬಿಟ್ಟರು, ಗೆಳತಿಯರ ಫೋನ್ ಎತ್ತುವುದೂ ಬಿಟ್ಟರು. ಒಂದೊಂದಕ್ಕೂ ಎರಡು ಪ್ರಶ್ನೆ ಹಾಕಿದೆ: ಆ ಹೊತ್ತಿಗೆ ಏನು ಸಿಕ್ಕಿತು? ವರ್ಷ ಕಳೆದ ಮೇಲೆ ಏನು ಉಳಿಯಿತು? ಆ ಹೊತ್ತಿಗೆ ಸ್ವಲ್ಪ ನೆಮ್ಮದಿ ಸಿಕ್ಕಿತ್ತು. ಉಳಿದದ್ದು ಹಾಸಿಗೆ ಮಾತ್ರ. ಇಲ್ಲಿ ಚಿಕಿತ್ಸಕರು ಬುದ್ಧಿ ಹೇಳಲು ಬಾಯಿ ಹಾಕಬಾರದು. ಲೆಕ್ಕ ಅವರಿಗೇ ಕಾಣಲಿ.

ಆಮೇಲೆ ಒಂದು ಅಭ್ಯಾಸ ಹೇಳಿಕೊಟ್ಟೆ. ನೋವು ಬಂದಾಗ ಬಿಗಿಹಿಡಿಯದೆ, ಬಾ ಎಂದು ಒಳಗೆ ಬಿಟ್ಟುಕೊಂಡು, ಅದು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಬಿಸಿಯೋ ಸೆಳೆತವೋ ಎಂದು ಹೊಸದಾಗಿ ನೋಡುವವರಂತೆ ನೋಡುವುದು. 'ಮುಗಿದುಹೋದೆ' ಎಂಬ ಮಾತು ತಲೆಗೆ ಬಂದರೆ, 'ಮುಗಿದುಹೋದೆ ಅನ್ನೋ ಯೋಚನೆ ಬಂದಿದೆ' ಎಂದು ಹೇಳಿಕೊಳ್ಳುವುದು.

ಮುಂದಿನ ಭೇಟಿಗೆ ಮುಖ ಅರಳಿಸಿಕೊಂಡು ಬಂದರು. "ಡಾಕ್ಟ್ರೇ, ಏನ್ ಮಾಯ ರೀ ಇದು! ಬಾ ನೋವೇ ಅಂದೆ, ಅರ್ಧಕ್ಕರ್ಧ ಇಳಿದೇ ಹೋಯ್ತು!"

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ನೀವಾಗಿದ್ದರೆ ಭೇಷ್ ಎನ್ನುತ್ತಿದ್ದಿರಾ? ನನಗೆ ಕುತೂಹಲ ಕೆರಳಿತು. "ಇಳೀದೇ ಇದ್ದಿದ್ರೆ ಏನು ಮಾಡ್ತಿದ್ರಿ?" ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ರುಚಿಸಲಿಲ್ಲ.

ಉತ್ತರ ಅದರ ಮುಂದಿನ ವಾರ ಸಿಕ್ಕಿತು. ಮುಖ ಗಂಟು ಹಾಕಿಕೊಂಡು ಬಂದು ಕೂತರು. "ನಿಮ್ಮ ಮದ್ದು ನಾಟಲಿಲ್ಲ. ಎಷ್ಟು ಬಾ ಬಾ ಅಂದ್ರೂ ಜಾಸ್ತಿನೇ ಆಯ್ತು. ಮತ್ತೆ ಮಲಗ್ಬಿಟ್ಟೆ."

ಮಾತಾಡುತ್ತಿದ್ದಾಗ ನನ್ನ ಕಣ್ಣು ಅವರ ಕಾಲಿನ ಮೇಲೆ ಬಿತ್ತು. ಚಪ್ಪಲಿಯ ತುದಿ ನೆಲವನ್ನು ಅದುಮುತ್ತಿತ್ತು, ಮೊಣಕಾಲು ಸೆಟೆದಿತ್ತು.

"ಮೇಡಂ, ನಿಮ್ಮ ಕಾಲು ಈಗ ಏನು ಮಾಡ್ತಿದೆ?"

ಬಗ್ಗಿ ನೋಡಿಕೊಂಡರು. "ಅಯ್ಯೋ! ಬ್ರೇಕ್ ಒತ್ತುತ್ತಿದೆ!"

"ಏನನ್ನ ನಿಲ್ಲಿಸೋಕೆ?"

"ನೋವನ್ನ, ಇನ್ನೇನನ್ನ?"

"ನಿಲ್ತಾ?"

ತಲೆ ಅಡ್ಡಡ್ಡ ಆಡಿಸಿ ಕಾಲು ಸಡಿಲಿಸಿದರು. ನಂತರ ಅವರೇ ಹೇಳಿದರು: "ಬಾ ಅಂತ ಕರೆದಿದ್ದೂ ಬ್ರೇಕೇ ಆಯ್ತಲ್ಲ ಡಾಕ್ಟ್ರೇ. ನೆಂಟರನ್ನ ಒಳಗೆ ಬನ್ನಿ ಅಂತ ಕರೆದು, ಯಾವಾಗ ಹೊರಡ್ತೀರ ಅಂತ ಗಡಿಯಾರ ನೋಡೋ ಹಾಗೆ."

ಓದುತ್ತಿರುವ ಚಿಕಿತ್ಸಕರೇ, ಈ ಅಧ್ಯಾಯದ ಹೂರಣ ಇಷ್ಟೇ. ಒಪ್ಪಿಕೊಳ್ಳುವುದನ್ನೇ ನೋವು ಇಳಿಸುವ ಇನ್ನೊಂದು ಉಪಾಯ ಮಾಡಿಕೊಂಡರೆ, ಹಳೇ ಜಗಳ ಹೊಸ ಬಟ್ಟೆ ಹಾಕಿಕೊಂಡು ಬಂದಂತೆ. ನೋವು ಇಳಿಯಬಹುದು, ಇಳಿಯದಿರಬಹುದು. ಬದುಕಿನಲ್ಲಿ ಬೇಕಾದದ್ದನ್ನು ಮಾಡಲು ನೋವಿಗೂ ಜಾಗ ಕೊಡುವುದು, ಅಷ್ಟೇ ಇದರ ಕೆಲಸ. ಹಾಗಾಗಿ ನೋವು ಎಷ್ಟಿದೆ ಎಂಬ ಅಂಕಿಗಿಂತ ಈ ವಾರ ಏನು ಮಾಡಿದಿರಿ ಎಂಬುದನ್ನು ಮೊದಲು ಕೇಳಿ.

ಹಾಗಾದರೆ ಅವರಿಗೆ ಬೇಕಾದದ್ದು ಏನು? "ನೋವಿಲ್ಲದ ಅಮ್ಮ ಆಗ್ಬೇಕು" ಎಂದರು.

"ಆದ್ರಿ ಅಂತಿಟ್ಕೊಳ್ಳಿ. ನೋವಿಲ್ಲದ ಆ ಅಮ್ಮ ಬೆಳಗ್ಗೆ ಎದ್ದು ಏನು ಮಾಡ್ತಾಳೆ?"

"ಮಗಳ ಪಕ್ಕ ಕೂತ್ಕೋತಾಳೆ. ಅವಳು ಗಾಬರಿಯಾದ್ರೆ ಕೂಗಾಡಲ್ಲ. ತಾಳ್ಮೆಯಿಂದ ಹೇಳ್ಕೊಡ್ತಾಳೆ."

ತಾಳ್ಮೆಯಿಂದ ಪಕ್ಕದಲ್ಲಿರುವುದು. ಅದಕ್ಕೆ ಸೊಂಟದ ಅಪ್ಪಣೆ ಬೇಕೇ ಎಂದು ಕೇಳಿದೆ. "ಗೊತ್ತಿಲ್ಲ. ಕೇಳದೇ ಹೋಗಿ ನೋಡಿಲ್ಲ" ಎಂದರು. ನೋಡೋಣ ಎಂದು ಇಬ್ಬರೂ ಸೇರಿ ಒಂದು ಸಣ್ಣ ಹೆಜ್ಜೆ ಗೊತ್ತು ಮಾಡಿದೆವು. ಖಾಲಿ ಮೈದಾನದಲ್ಲಿ ಹತ್ತು ನಿಮಿಷದ ಪಾಠ. ನೋವು ಹೆಚ್ಚಾಯಿತೆಂದು ಐದಕ್ಕೇ ಇಳಿಯುವಂತಿಲ್ಲ, ಹಾಯಾಗಿದೆ ಎಂದು ಅರ್ಧ ಗಂಟೆ ಎಳೆಯುವಂತೆಯೂ ಇಲ್ಲ. ನಿಲ್ಲಿಸುವುದನ್ನು ಗಡಿಯಾರ ಹೇಳಲಿ, ನೋವು ಹೇಳುವುದು ಬೇಡ. ಕಾಲಿನಲ್ಲಿ ಶಕ್ತಿ ಕುಂದುವುದು, ಮರಗಟ್ಟುವುದು ಮುಂತಾದ ಹೊಸ ಲಕ್ಷಣ ಕಂಡರೆ ಮಾತ್ರ ತಕ್ಷಣ ನಿಲ್ಲಿಸಿ ವೈದ್ಯರ ಹತ್ತಿರ ಹೋಗಬೇಕು. ಆ ಮಾತನ್ನು ಎರಡೆರಡು ಸಲ ಹೇಳಿದೆ.

ಮೊದಲ ದಿನ ಮೈದಾನದ ಗೇಟಿನವರೆಗೆ ಹೋಗಿ ವಾಪಸ್ ಬಂದರಂತೆ. 'ಮಗಳ ಮುಂದೆ ನರಳಿದ್ರೆ ಮರ್ಯಾದೆ ಏನಾಗುತ್ತೆ' ಎಂಬ ಯೋಚನೆ ಸ್ಟೇರಿಂಗ್ ಹಿಡಿದಿತ್ತು ಎಂದು ತಾವೇ ವರದಿ ಒಪ್ಪಿಸಿದರು. ಯೋಚನೆಯನ್ನು ಯೋಚನೆ ಎಂದು ಗುರುತಿಸಿದ್ದಕ್ಕೆ ನನಗೆ ಒಳಗೊಳಗೇ ಖುಷಿ. ಎರಡನೇ ದಿನ ಹತ್ತು ನಿಮಿಷ ಪೂರ್ತಿ ಕೂತರು. ಆ ರಾತ್ರಿ ನೋವು ಜೋರಾಗಿತ್ತು, ಆದರೂ ಮಾರನೇ ದಿನ ಹೋದರು. ಮಗಳು ಬೇರೆ ಶಾಲೆಯ ಮಾತು ಎತ್ತಲಿಲ್ಲ, ಆದರೆ ಬಿಟ್ಟೆ ಎಂದೂ ಹೇಳಲಿಲ್ಲ. ಅಮ್ಮ ಮತ್ತೆ ಮಲಗುತ್ತಾಳೋ ಎಂದು ಕಾಯುತ್ತಿದ್ದಳು.

ತಿಂಗಳ ಕೊನೆಯ ವಾರ ನನ್ನಲ್ಲಿಗೆ ಬಂದಾಗ, ಅಮ್ಮನನ್ನು ಪಕ್ಕದಲ್ಲಿ ಕೂರಿಸಿ ಸಣ್ಣ ಬೀದಿಗಳಲ್ಲೇ ಕಾರು ಓಡಿಸಿಕೊಂಡು ಬಂದವಳು ಮಗಳು. ಭೇಟಿ ಮುಗಿದು ಅವರು ಹೊರಟಾಗ ನಾನು ಕಿಟಕಿಯ ಹತ್ತಿರ ಹೋದೆ; ಕಾರು ಅಲ್ಲೇ ಹೊರಗೆ, ಮಾತು ಕೇಳಿಸುವಷ್ಟು ಹತ್ತಿರ ನಿಂತಿತ್ತು. ಕೆಟ್ಟ ಕುತೂಹಲ, ಒಪ್ಪಿಕೊಳ್ಳುತ್ತೇನೆ. ಬ್ರೇಕ್ ಮೇಡಂ ಬಾಗಿಲು ಹಿಡಿದು, ಹಲ್ಲು ಕಚ್ಚಿ, ನಿಧಾನಕ್ಕೆ ಸೀಟಿನಲ್ಲಿ ಕೂತರು. ಮಗಳು ಕಾರು ಶುರು ಮಾಡದೆ ಅವರ ಮುಖವನ್ನೇ ನೋಡಿದಳು.

"ಅಮ್ಮಾ, ತುಂಬಾ ನೋಯ್ತಿದೆಯಾ?"

"ಹೂಂ, ತುಂಬಾ ನೋಯ್ತಿದೆ" ಎಂದರು ಅಮ್ಮ. "ಕನ್ನಡಿ ನೋಡಿದ್ಯಾ? ಇಂಡಿಕೇಟರ್ ಹಾಕು. ಇವತ್ತು ದೊಡ್ಡ ರಸ್ತೆಗೆ ಹೋಗೋಣ."